ಲೆನ್ಸ್ ತೆಗೆದ ಮೇಲೂ ಕಣ್ಣಲ್ಲಿ ಮರಳು ಬಿದ್ದ ಹಾಗಿದೆ. ಗೀರೋ, ಹುಣ್ಣೋ? ಸೋಮವಾರದ ತನಕ ಕಾಯಬಹುದಾ?

ಸಹನಾ_ಶಿವಮೊಗ್ಗ · ಶನಿವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಒಂದು ಕಣ್ಣು ಮುಚ್ಚಿಕೊಂಡು ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಆರು ವರ್ಷದಿಂದ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದೇನೆ. ತಿಂಗಳಿಗೊಮ್ಮೆ ಬದಲಿಸುವ ಮೆತ್ತನೆ ಲೆನ್ಸ್, ಪವರ್ ಮೈನಸ್ 4.5. ನಿನ್ನೆ ರಾತ್ರಿ ಶಿವಮೊಗ್ಗದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬಂದೆ. ಡಬ್ಬಿ ಲಗೇಜಿನ ಒಳಗೆ ಹೋಗಿತ್ತು, ಹಾಗಾಗಿ ಲೆನ್ಸ್ ತೆಗೆಯದೆ ಮಲಗಿಬಿಟ್ಟೆ. ಬೆಳಿಗ್ಗೆ ಆರಕ್ಕೆ ರೂಮಿಗೆ ಬಂದು ತೆಗೆಯಲು ಹೋದರೆ ಬಲಗಣ್ಣಿನದು ಒಣಗಿ ಅಂಟಿಕೊಂಡಿತ್ತು. ಎರಡು ಮೂರು ಸಲ ಚಿವುಟಿ ತೆಗೆದೆ. ಆಗ ಉಗುರು ತಾಗಿ ಚುರುಕ್ ಅಂತು.

ಆಮೇಲಿಂದ ಮರಳು ಬಿದ್ದ ಹಾಗೆ ಒತ್ತುತ್ತಿದೆ, ನೀರು ಸುರಿಯುತ್ತಿದೆ. ಮಧ್ಯಾಹ್ನ ಕೆಳಗಿನ ಮೆಡಿಕಲ್ ಶಾಪಿನಲ್ಲಿ ಕಣ್ಣು ಕೆಂಪಗಾಗಿದೆ ಅಂದಿದ್ದಕ್ಕೆ ಒಂದು ಡ್ರಾಪ್ಸ್ ಕೊಟ್ಟರು. ಎರಡು ಸಲ ಹಾಕಿದೆ. ಕೆಂಪು ಸ್ವಲ್ಪ ಇಳಿದ ಹಾಗೆ ಕಾಣುತ್ತೆ, ಆದರೆ ನೋವು ಇಳಿದಿಲ್ಲ.

ಉಗುರು ತಾಗಿದ್ದು ನನಗೆ ಗೊತ್ತು, ಹಾಗಾಗಿ ಇದು ಬರೀ ಗೀರು ಅಂದುಕೊಂಡಿದ್ದೇನೆ. ಗೀರು ತಾನಾಗೇ ವಾಸಿಯಾಗುತ್ತೆ ಅಲ್ವಾ? ನಾಳೆ ಭಾನುವಾರ, ನಾನು ತೋರಿಸುವ ಡಾಕ್ಟರ್ ಸಿಗುವುದಿಲ್ಲ. ಸೋಮವಾರದ ತನಕ ಕಾಯಬಹುದಾ?

ಬುಲೆಟ್_ಬಸು · 9:31

ತಂಗಿ, ಗಾಬರಿ ಬೇಡ. ನನ್ನ ಮಗಳು ಎರಡು ವರ್ಷದವಳಿದ್ದಾಗ ಅವಳ ಉಗುರು ನನ್ನ ಕಣ್ಣಿಗೆ ಬಡಿದಿತ್ತು. ಇದೇ ಥರ ನೀರು, ಇದೇ ಥರ ಚುಚ್ಚು. ಡಾಕ್ಟರ್ ನೋಡಿ ಕಪ್ಪು ಗುಡ್ಡೆ ಮೇಲೆ ಗೀರು ಬಿದ್ದಿದೆ ಅಂದರು. ಮುಲಾಮು ಹಾಕಿ ಹತ್ತಿ ಇಟ್ಟು ಪಟ್ಟಿ ಕಟ್ಟಿ ಕಳಿಸಿದರು. ಎರಡೇ ದಿನದಲ್ಲಿ ಸರಿ ಹೋಯಿತು. ನೀವೂ ಶುದ್ಧ ಹತ್ತಿ ಇಟ್ಟು ಬಿಗಿಯಾಗಿ ಕಟ್ಟಿ ಮಲಗಿ. ಬೆಳಿಗ್ಗೆಗೆ ಅರ್ಧ ಕಡಿಮೆ ಆಗಿರುತ್ತೆ.

ಕಾಫಿಪುಡಿ · 9:34

ಇದು ಮದ್ರಾಸ್ ಐ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಮೂರು ಮನೆಗೆ ಬಂದಿದೆ. ಟವೆಲ್, ದಿಂಬು ಬೇರೆ ಇಟ್ಟುಕೊಳ್ಳಿ. ಒಂದು ವಾರದಲ್ಲಿ ಹೋಗುತ್ತೆ.

ಗಂಗಾವತಿ_ಹುಡುಗ · 9:36

ಮದ್ರಾಸ್ ಐ ಅಂದರೆ ಗೀಜು ಬರುತ್ತೆ, ಬೆಳಿಗ್ಗೆ ರೆಪ್ಪೆ ಅಂಟಿಕೊಳ್ಳುತ್ತೆ, ಸಾಮಾನ್ಯವಾಗಿ ಎರಡನೇ ಕಣ್ಣಿಗೂ ಬರುತ್ತೆ. ಇವರು ಒಂದೇ ಕಣ್ಣು ಅಂತಿದ್ದಾರೆ, ಉಗುರು ತಾಗಿದೆ ಅಂತಿದ್ದಾರೆ. ಪೋಸ್ಟ್ ಪೂರ್ತಿ ಓದಿ ಸ್ವಾಮಿ.

ಮಂಗಳೂರಿನ_ರೇಖಾ · 9:48

ಸಹನಾ, ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷೆ ಮಾಡುವವಳು. ಹದಿನಾಲ್ಕು ವರ್ಷದಿಂದ ಕಾರ್ನಿಯಾ, ಅಂದರೆ ಕಪ್ಪು ಗುಡ್ಡೆ ಮೇಲಿನ ಗಾಜಿನಂಥ ಪದರದ ವಿಭಾಗದಲ್ಲೇ ಕೆಲಸ. ಫೋನಿನಲ್ಲಿ ಕೂತು ನಿಮ್ಮ ಕಣ್ಣಿಗೆ ಏನಾಗಿದೆ ಅಂತ ಹೇಳಲು ಆಗುವುದಿಲ್ಲ. ಆದರೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ.

ನೋವು ಅತಿ ಜಾಸ್ತಿ ಇದ್ದದ್ದು ಯಾವಾಗ? ಬೆಳಿಗ್ಗೆ ಉಗುರು ತಾಗಿದಾಗಲೋ, ಈಗಲೋ?

ಕನ್ನಡಕ ಹಾಕಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಗೋಡೆಯ ಕ್ಯಾಲೆಂಡರ್ ಓದಿ. ಎಂದಿನಂತೆ ಕಾಣುತ್ತಾ?

ಟ್ಯೂಬ್‌ಲೈಟ್ ನೋಡಿದರೆ ಕಣ್ಣು ಬಿಡಲು ಆಗುತ್ತಾ?

ಆ ಡ್ರಾಪ್ಸ್ ಬಾಟಲಿ ಮೇಲೆ ದೊಡ್ಡ ಅಕ್ಷರದ ಹೆಸರು ಬಿಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಹೆಸರು ಓದಿ ಹೇಳಿ.

ಬಸು ಅಣ್ಣ, ಪಟ್ಟಿ ಮಾತ್ರ ದಯವಿಟ್ಟು ಬೇಡ. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಸಹನಾ_ಶಿವಮೊಗ್ಗ · 9:59

ಮೇಡಂ, ಬೆಳಿಗ್ಗೆ ಉಗುರು ತಾಗಿದಾಗ ಹತ್ತರಲ್ಲಿ ನಾಲ್ಕು ಅನ್ನಬಹುದು. ಮಧ್ಯಾಹ್ನವೂ ಹಾಗೇ ಇತ್ತು. ಸಂಜೆಯಿಂದ ಏರುತ್ತಿದೆ. ಈಗ ಎಂಟು. ಚುಚ್ಚುವುದರ ಜೊತೆಗೆ ಒಳಗಿನಿಂದ ಮಿಡಿಯುವ ಹಾಗೆ ಇದೆ, ಹುಬ್ಬಿನ ತನಕ ನೋವು.

ಕ್ಯಾಲೆಂಡರಿನ ದೊಡ್ಡ ಅಂಕಿ ಕಾಣುತ್ತೆ, ತಿಥಿ ನಕ್ಷತ್ರ ಬರೆದದ್ದು ಕಾಣುವುದಿಲ್ಲ. ಎಡಗಣ್ಣಿನಲ್ಲಿ ಓದಲು ಆಗುತ್ತೆ. ಲೈಟ್ ಆರಿಸಿ ಕೂತಿದ್ದೇನೆ.

ಬಾಟಲಿ ಮೇಲೆ ಮಾಕ್ಸಿಫ್ಲಾಕ್ಸಸಿನ್ ಮತ್ತು ಡೆಕ್ಸಾಮೆಥಾಸೋನ್ ಅಂತ ಇದೆ.

ಮಂಗಳೂರಿನ_ರೇಖಾ · 10:14

ಹಾಗಾದರೆ ಸೋಮವಾರ ಬೇಡ, ನಾಳೆ ಬೆಳಿಗ್ಗೆಯೂ ಬೇಡ. ಈಗಲೇ ಹೊರಡಿ. ರೂಮ್‌ಮೇಟ್ ಯಾರಾದರೂ ಜೊತೆಗೆ ಬರಲಿ. ರಾತ್ರಿ ಕಣ್ಣಿನ ಡಾಕ್ಟರ್ ಇರುವ ಕ್ಯಾಶುವಾಲ್ಟಿಗೆ ಹೋಗಿ. ಹೊರಡುವ ಮುಂಚೆ ಫೋನ್ ಮಾಡಿ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡುವವರು ಈಗ ಇದ್ದಾರಾ ಅಂತ ಕೇಳಿ. ಸಾಮಾನ್ಯ ಕ್ಲಿನಿಕ್‌ನಲ್ಲಿ ಟಾರ್ಚ್ ಹಾಕಿ ನೋಡಿದರೆ ಇದು ಕಾಣದೆ ಹೋಗಬಹುದು.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂದರೆ, ನೋವು ಯಾವ ಕಡೆಗೆ ಹೋಗುತ್ತಿದೆ ಅನ್ನುವುದನ್ನು ನೋಡಿ. ಬರೀ ಗೀರು ಬಿದ್ದರೆ ನೋವು ಬಿದ್ದ ಹೊತ್ತಿಗೇ ಜೋರಾಗಿರುತ್ತೆ. ಕಾರ್ನಿಯಾದ ಮೇಲ್ಪದರ ಬೇಗ ಬೆಳೆದು ಮುಚ್ಚಿಕೊಳ್ಳುತ್ತೆ, ಸಣ್ಣ ಗೀರಾದರೆ ಒಂದೆರಡು ದಿನ ಸಾಕು. ಹಾಗಾಗಿ ಗಂಟೆ ಗಂಟೆಗೆ ನೋವು ಇಳಿಯಬೇಕು. ನಿಮ್ಮದು ನಾಲ್ಕರಿಂದ ಶುರುವಾಗಿ ಎಂಟಕ್ಕೆ ಬಂದಿದೆ. ದೃಷ್ಟಿಯೂ ಮಂದ ಆಗಿದೆ. ಲೆನ್ಸ್ ಹಾಕಿ ಮಲಗಿದವರಲ್ಲಿ ಹೀಗಾದರೆ, ಹುಣ್ಣು ಅಲ್ಲ ಅಂತ ಖಚಿತ ಆಗುವ ತನಕ ಹುಣ್ಣು ಅಂತಲೇ ತಿಳಿದು ನಡೆಯಬೇಕು. ನಾವು ಕೆಲಸದಲ್ಲಿ ಹಾಗೇ ಮಾಡುತ್ತೇವೆ.

ಎರಡನೆಯದು ಆ ಡ್ರಾಪ್ಸ್. ಮಾಕ್ಸಿಫ್ಲಾಕ್ಸಸಿನ್ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್, ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್. ತೊಂದರೆ ಸ್ಟೀರಾಯ್ಡಿನದು. ಅದು ಕೆಂಪನ್ನು ಇಳಿಸುತ್ತೆ, ಅದಕ್ಕೇ ನಿಮಗೆ ವಾಸಿ ಅನ್ನಿಸಿತು. ಆದರೆ ಸೋಂಕಿನ ವಿರುದ್ಧ ಕಣ್ಣು ಮಾಡುವ ಹೋರಾಟವನ್ನೂ ಅದು ತಗ್ಗಿಸುತ್ತೆ. ಕಣ್ಣು ಬಿಳುಪಾಗುತ್ತಾ ಇರುತ್ತೆ, ಒಳಗೆ ಹುಣ್ಣು ದೊಡ್ಡದಾಗುತ್ತಾ ಇರುತ್ತೆ. ಇನ್ನು ಅದನ್ನು ಹಾಕಬೇಡಿ. ಬಾಟಲಿ ಮಾತ್ರ ಡಾಕ್ಟರಿಗೆ ತೋರಿಸಿ.

ಪಟ್ಟಿ ಯಾಕೆ ಬೇಡ ಅಂದರೆ, ಲೆನ್ಸ್ ಹಾಕುವವರ ಕಣ್ಣಿಗೆ ಬರುವ ಹುಣ್ಣಿನಲ್ಲಿ ಅತಿ ಹೆಚ್ಚು ಸಿಗುವುದು ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಸಿಂಕ್, ಒದ್ದೆ ಜಾಗ, ಲೆನ್ಸ್ ಡಬ್ಬಿ ಎಲ್ಲ ಕಡೆ ಇರುತ್ತೆ. ಮುಚ್ಚಿದ, ಬೆಚ್ಚಗಿನ, ಒದ್ದೆ ಕಣ್ಣು ಅದಕ್ಕೆ ಹೇಳಿ ಮಾಡಿಸಿದ ಜಾಗ. ಒಂದೆರಡು ದಿನದಲ್ಲೇ ಕಾರ್ನಿಯಾ ಕರಗಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬೆಳಿಗ್ಗೆ ತೆಗೆದ ಲೆನ್ಸ್ ಎಲ್ಲಿದೆ? ಬಿಸಾಡಬೇಡಿ. ಡಬ್ಬಿಯನ್ನು ತೊಳೆಯದೆ, ಅದರೊಳಗಿನ ಸೊಲ್ಯೂಷನ್ ಸಮೇತ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ. ಲ್ಯಾಬಿಗೆ ಅದು ಬೇಕಾಗಬಹುದು.

ಸಹನಾ_ಶಿವಮೊಗ್ಗ · 10:17

ಡಬ್ಬಿಯಲ್ಲೇ ಇದೆ ಮೇಡಂ. ರೂಮ್‌ಮೇಟ್ ಆಟೋ ಬುಕ್ ಮಾಡುತ್ತಿದ್ದಾಳೆ.

ಬುಲೆಟ್_ಬಸು · 10:22

ರೇಖಾ ಮೇಡಂ, ನಿಮಗೆ ಅನುಭವ ಇದೆ, ಒಪ್ಪಿದೆ. ಆದರೆ ನನಗೆ ಪಟ್ಟಿ ಕಟ್ಟಿದವರೂ ಡಾಕ್ಟರೇ. ವಾಸಿಯೂ ಆಯಿತು. ರಾತ್ರಿ ಹತ್ತು ಗಂಟೆಗೆ ಒಬ್ಬ ಹೆಣ್ಣುಮಗಳನ್ನು ಹೀಗೆ ಹೆದರಿಸಿ ಓಡಿಸುವುದು ಸರಿಯಾ? ಕ್ಯಾಶುವಾಲ್ಟಿ ಅಂದರೆ ದುಡ್ಡೂ ಜಾಸ್ತಿ.

ಮಂಗಳೂರಿನ_ರೇಖಾ · 10:35

ಬಸು ಅಣ್ಣ, ನಿಮಗೆ ಆಗಿದ್ದು ನಿಜ, ನಿಮ್ಮ ಡಾಕ್ಟರ್ ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆಗ ಎಲ್ಲರೂ ಕಟ್ಟುತ್ತಿದ್ದರು. ಸಾಮಾನ್ಯ ಗೀರಿಗೂ ಪಟ್ಟಿ ಕಟ್ಟಿದರೆ ಬೇಗ ವಾಸಿಯಾಗುವುದಿಲ್ಲ ಅಂತ ಆಮೇಲೆ ಗೊತ್ತಾಗಿ, ಈಗ ಬಹಳ ಕಡೆ ಬಿಟ್ಟಿದ್ದಾರೆ. ಮುಖ್ಯ ವ್ಯತ್ಯಾಸ ಬೇರೆ. ನೀವು ಲೆನ್ಸ್ ಹಾಕುತ್ತಿರಲಿಲ್ಲ. ಮಗುವಿನ ಉಗುರು ಬಡಿದು ಗೀರು ಬಿತ್ತು, ಅಷ್ಟೇ. ಇವರ ಕಣ್ಣಿನ ಮೇಲೆ ರಾತ್ರಿಯೆಲ್ಲ ಒಂದು ಪ್ಲಾಸ್ಟಿಕ್ ಮುಚ್ಚಳ ಕೂತಿತ್ತು. ಗಾಳಿ ಕಡಿಮೆ, ಕಣ್ಣೀರು ಓಡಾಡಿಲ್ಲ, ಲೆನ್ಸಿಗೆ ಅಂಟಿದ ಕ್ರಿಮಿ ಅಲ್ಲೇ ಕೂತಿದೆ. ಆಮೇಲೆ ಗೀರು ಬಿತ್ತು. ಬಾಗಿಲು ತೆಗೆದ ಹಾಗೆ ಆಯಿತು.

ನಿಮ್ಮನ್ನು ಒಂದು ಮಾತು ಕೇಳಲಾ? ವಾಸಿ ಆದ ಮೇಲೆ ಎಂದಾದರೂ ಬೆಳಿಗ್ಗೆ ಏಳುವಾಗ ಕಣ್ಣು ಬಿಟ್ಟ ತಕ್ಷಣ ಚುರುಕ್ ಅಂದಿದ್ದುಂಟಾ?

ಬುಲೆಟ್_ಬಸು · 10:41

ಉಂಟು. ವರ್ಷಕ್ಕೆ ಎರಡು ಮೂರು ಸಲ ಆಗುತ್ತೆ. ಅರ್ಧ ಗಂಟೆ ನೀರು ಸುರಿದು ನಿಲ್ಲುತ್ತೆ. ಒಣ ಹವೆಗೆ ಇರಬೇಕು ಅಂದುಕೊಂಡಿದ್ದೆ. ನಿಮಗೆ ಹೇಗೆ ಗೊತ್ತಾಯಿತು?

ಮಂಗಳೂರಿನ_ರೇಖಾ · 10:46

ಉಗುರಿನ ಗೀರು ಕೆಲವರಲ್ಲಿ ಹಾಗೇ ಮಾಡುತ್ತೆ. ಮೇಲ್ಪದರ ಬೆಳೆದಿರುತ್ತೆ, ಆದರೆ ಕೆಳಗಿನ ಪದರಕ್ಕೆ ಗಟ್ಟಿಯಾಗಿ ಅಂಟಿರುವುದಿಲ್ಲ. ರಾತ್ರಿ ಕಣ್ಣು ಒಣಗಿ ರೆಪ್ಪೆ ಅದಕ್ಕೆ ಅಂಟುತ್ತೆ. ಬೆಳಿಗ್ಗೆ ರೆಪ್ಪೆ ಎತ್ತಿದಾಗ ಅದೇ ಜಾಗ ಮತ್ತೆ ಕಿತ್ತುಕೊಳ್ಳುತ್ತೆ. ಒಮ್ಮೆ ತೋರಿಸಿ. ರಾತ್ರಿ ಹಚ್ಚುವ ಮುಲಾಮಿನಿಂದಲೇ ಬಹಳ ಜನರಿಗೆ ಕಡಿಮೆ ಆಗುತ್ತೆ.

ಕಾಫಿಪುಡಿ · 10:50

ದುಡ್ಡಿನ ಮಾತು ಬಂತಲ್ಲ, ಬೆಂಗಳೂರಿನಲ್ಲಿ ಮಿಂಟೋ ಇದೆ. ಸರ್ಕಾರಿ ಕಣ್ಣಾಸ್ಪತ್ರೆ. ದೀಪಾವಳಿಯಲ್ಲಿ ಪಟಾಕಿ ಬಡಿದವರನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ಮೊದಲು ಸರಿಯಾಗಿ ಓದದೆ ಮದ್ರಾಸ್ ಐ ಅಂದುಬಿಟ್ಟೆ ಸಹನಾ, ಬೇಜಾರು ಮಾಡಿಕೊಳ್ಳಬೇಡಿ.

ಗಂಗಾವತಿ_ಹುಡುಗ · 10:58

ಹುಣ್ಣು ಅಂದಕೂಡಲೇ ನನಗೆ ಅಪ್ಪನದು ನೆನಪಾಯಿತು. ನಾಲ್ಕು ವರ್ಷದ ಹಿಂದೆ ಭತ್ತ ಒಕ್ಕುವಾಗ ಹೊಟ್ಟು ಹಾರಿ ಎಡಗಣ್ಣಿಗೆ ಬಿತ್ತು. ಉಜ್ಜಿಕೊಂಡರು. ಎರಡು ದಿನ ಏನೂ ಅನ್ನಲಿಲ್ಲ. ಆಮೇಲೆ ಅತ್ತೆ ಹರಳೆಣ್ಣೆ ಬಿಟ್ಟರು, ಪಕ್ಕದ ಮನೆಯವರು ಇನ್ನೇನೋ ಸೊಪ್ಪಿನ ರಸ. ಹತ್ತು ದಿನಕ್ಕೆ ಕರಿಗುಡ್ಡೆ ಮೇಲೆ ಬೆಳ್ಳಗೆ ಒಂದು ಮಚ್ಚೆ ಕಂಡಿತು. ಊರಲ್ಲಿ ಕಣ್ಣಿಗೆ ಹೂ ಬಿದ್ದಿದೆ ಅಂದರು. ಪೊರೆ ಬಂದಿದೆ ಅಂತ ಇನ್ನೊಬ್ಬರು. ಆಸ್ಪತ್ರೆಗೆ ಹೋದಾಗ ಡಾಕ್ಟರ್ ಅಲ್ಲಿ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಫಂಗಸ್ ಅಂದರು. ನಾಟಮೈಸಿನ್ ಅಂತ ಬೆಳ್ಳಗಿನ, ಅಲುಗಾಡಿಸಿ ಹಾಕುವ ಡ್ರಾಪ್ಸ್. ಗಂಟೆಗೊಮ್ಮೆ. ಎರಡೂವರೆ ತಿಂಗಳು. ಕಣ್ಣು ಉಳಿಯಿತು, ಆದರೆ ಈಗಲೂ ಆ ಕಣ್ಣಿನಲ್ಲಿ ಕೈ ಬೆರಳು ಎಣಿಸುವಷ್ಟೇ ಕಾಣುತ್ತೆ.

ಹಾಗಾಗಿ ಸಹನಾ ಅವರೇ, ಫಂಗಸ್ಸಿಗೆ ಡ್ರಾಪ್ಸ್ ಕೊಡಿ ಅಂತ ಈಗಲೇ ಕೇಳಿ. ಬ್ಯಾಕ್ಟೀರಿಯಾ ಡ್ರಾಪ್ಸಿನಲ್ಲಿ ದಿನ ಕಳೆಯಬೇಡಿ.

ವೈದ್ಯ_ವಿದ್ಯಾರ್ಥಿ · 11:07

ಗಂಗಾವತಿ ಅಣ್ಣ, ನಿಮ್ಮ ತಂದೆಯವರ ವಿಷಯ ಓದಿ ತುಂಬಾ ಬೇಸರವಾಯಿತು. ಆದರೆ ಕೊನೆ ಸಾಲು ಒಪ್ಪಲು ಆಗುವುದಿಲ್ಲ. ಹೊಟ್ಟು, ಕಬ್ಬಿನ ಗರಿ, ಜೋಳದ ಸೋಗೆ ಬಡಿದರೆ ಫಂಗಸ್ ಮೊದಲು ನೆನಪಾಗಬೇಕು. ಅದು ನಿಧಾನವಾಗಿ, ದಿನಗಟ್ಟಲೆ ಬೆಳೆಯುತ್ತೆ. ಲೆನ್ಸ್ ಹಾಕಿ ಮಲಗಿದವರಲ್ಲಿ ಬೆಳಿಗ್ಗೆಯಿಂದ ರಾತ್ರಿಗೆ ಏರಿದರೆ ಬ್ಯಾಕ್ಟೀರಿಯಾ ಮೊದಲು ನೆನಪಾಗಬೇಕು. ಲೆನ್ಸ್ ಹಾಕುವವರಿಗೆ ಫಂಗಸ್ ಬರುವುದೇ ಇಲ್ಲ ಅಂತಲ್ಲ. ಅದಕ್ಕೇ ಕೆರೆದು ನೋಡುವುದು. ಊಹೆ ಮಾಡಿ ಔಷಧಿ ಕೇಳುವುದಲ್ಲ.

ನೀಲಿಕೊಡೆ · 11:15

ನನ್ನದು ಮೂರನೇ ಥರ. ಉಡುಪಿಯಲ್ಲಿ ಓದುವಾಗ ಡಬ್ಬಿಯನ್ನು ಬಾವಿ ನೀರಿನಲ್ಲಿ ತೊಳೆಯುತ್ತಿದ್ದೆ. ನಮ್ಮ ಬಾವಿ ನೀರು ಕುಡಿಯುವ ನೀರೇ, ಶುದ್ಧ ಅಂತ ನಂಬಿಕೆ. ಲೆನ್ಸ್ ಹಾಕಿಕೊಂಡೇ ಸ್ನಾನ ಮಾಡುತ್ತಿದ್ದೆ. ಕಣ್ಣು ನೋಯಲು ಶುರುವಾದಾಗ ಮೊದಲು ನೋಡಿದವರು ಹರ್ಪಿಸ್ ವೈರಸ್ ಅಂತ ಆರು ವಾರ ಔಷಧಿ ಕೊಟ್ಟರು. ಕಣ್ಣು ನೋಡಿದರೆ ಅಷ್ಟೇನೂ ಆಗಿರಲಿಲ್ಲ, ನೋವು ಮಾತ್ರ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು. ಕೊನೆಗೆ ಅಕಾಂತಮೀಬಾ ಅಂತ ಗೊತ್ತಾಯಿತು. ನೀರಿನಲ್ಲಿ ಇರುವ ಅಮೀಬಾ. ಡ್ರಾಪ್ಸ್ ಎಂಟು ತಿಂಗಳು ಹಾಕಿದೆ.

ನಲ್ಲಿ ನೀರು, ಬಾವಿ ನೀರು, ಫಿಲ್ಟರ್ ನೀರು ಯಾವುದೂ ಲೆನ್ಸಿಗೆ ತಾಗಬಾರದು. ಡಬ್ಬಿಗೂ ತಾಗಬಾರದು.

ಚಿಕ್ಕಮ್ಮ_ಅಡಿಗೆಮನೆ · 11:21

ಹಾಗಾದರೆ ಡಬ್ಬಿಯನ್ನು ಯಾವುದರಲ್ಲಿ ತೊಳೆಯುವುದು? ನಮ್ಮ ಮಗ ಸೊಲ್ಯೂಷನ್ ಉಳಿಸಲು ಹಳೆಯದಕ್ಕೇ ಸ್ವಲ್ಪ ಹೊಸದು ಸೇರಿಸುತ್ತಾನೆ.

ನೀಲಿಕೊಡೆ · 11:24

ಸೊಲ್ಯೂಷನ್‌ನಲ್ಲೇ ತೊಳೆದು, ಶುದ್ಧ ಟಿಶ್ಯೂನಿಂದ ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಬೇಕು ಚಿಕ್ಕಮ್ಮ. ಹಳೆಯದನ್ನು ಪ್ರತಿ ದಿನ ಚೆಲ್ಲಲೇಬೇಕು. ಹಳೆಯದಕ್ಕೆ ಹೊಸದು ಸೇರಿಸಿದರೆ ಕ್ರಿಮಿ ಕೊಲ್ಲುವ ಶಕ್ತಿ ಇರುವುದಿಲ್ಲ. ಡಬ್ಬಿಯನ್ನೂ ಮೂರು ತಿಂಗಳಿಗೆ ಒಮ್ಮೆಯಾದರೂ ಬದಲಿಸಲಿ.

ಹಾಸನ_ಹೈದ · 11:30

ಲೇಸಿಕ್ ಮಾಡಿಸಿಕೊಂಡರೆ ಇದೆಲ್ಲ ರಗಳೆಯೇ ಇಲ್ಲ ಅಲ್ವಾ? ನನ್ನದು ಮೈನಸ್ 5 ಇತ್ತು, ಮಾಡಿಸಿ ಮೂರು ವರ್ಷ ಆಯಿತು.

ಗಂಗಾವತಿ_ಹುಡುಗ · 11:33

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಅಣ್ಣ. ಅವರು ಈಗ ಆಸ್ಪತ್ರೆಯಲ್ಲಿದ್ದಾರೆ.

ಸಹನಾ_ಶಿವಮೊಗ್ಗ · ಭಾನುವಾರ ಬೆಳಗಿನ ಜಾವ 1:40

ಎಲ್ಲರೂ ಕಾಯುತ್ತಿದ್ದೀರಿ ಅಂತ ಬರೆಯುತ್ತಿದ್ದೇನೆ. ನಾನು ಹೇಳುತ್ತಿದ್ದೇನೆ, ರೂಮ್‌ಮೇಟ್ ಟೈಪ್ ಮಾಡುತ್ತಿದ್ದಾಳೆ.

ಮೊದಲು ಅಕ್ಷರ ಓದಿಸಿದರು. ಬಲಗಣ್ಣಿನಲ್ಲಿ 6/24, ಸರಿಯಾಗಿದ್ದರೆ 6/6 ಇರಬೇಕು. ಆಮೇಲೆ ಮರಗಟ್ಟಿಸುವ ಡ್ರಾಪ್ಸ್ ಹಾಕಿದರು. ಹತ್ತು ಸೆಕೆಂಡಿನಲ್ಲಿ ನೋವು ಮಾಯ. ಇಡೀ ದಿನದಲ್ಲಿ ಮೊದಲ ಸಲ ಕಣ್ಣು ಪೂರ್ತಿ ಬಿಟ್ಟೆ. ಕಿತ್ತಳೆ ಬಣ್ಣದ ಒಂದು ಕಾಗದದ ಪಟ್ಟಿ ಒದ್ದೆ ಮಾಡಿ ರೆಪ್ಪೆಯ ಒಳಗೆ ತಾಗಿಸಿದರು. ನೀಲಿ ದೀಪ ಹಾಕಿ ನೋಡಿದರು. ಮೇಲಿನ ರೆಪ್ಪೆ ಮಗುಚಿ, ಅಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿದರು. ಇರಲಿಲ್ಲ.

ಡಾಕ್ಟರ್ ಫೋಟೋ ತೆಗೆದು ನನಗೂ ತೋರಿಸಿದರು. ಆ ಪಟ್ಟಿಯ ಬಣ್ಣ ಹತ್ತಿ ಹಸಿರು ಹೊಳೆಯುವ ಎರಡು ಜಾಗ ಇತ್ತು. ಒಂದು ಸಣ್ಣ ಗೆರೆ, ಅದು ಉಗುರಿನ ಗೀರು. ಅದರ ಕೆಳಗೆ ಕಾರ್ನಿಯಾ ಗಾಜಿನ ಹಾಗೆ ತಿಳಿಯಾಗಿತ್ತು. ಗೀರಿನ ತುದಿಯಲ್ಲಿ ಒಂದು ದುಂಡು ಕಲೆ. ನೀಲಿ ದೀಪ ತೆಗೆದು ಬಿಳಿ ದೀಪ ಹಾಕಿದಾಗಲೂ ಅಲ್ಲಿ ಮೋಡ ಕವಿದ ಹಾಗೆ ಬೂದು ಬಿಳಿ. ಅದು ಹುಣ್ಣು. 1.5 ಮಿಲಿಮೀಟರ್ ಅಂತೆ. ಪಾಪೆಯ ನಡುವೆ ಇಲ್ಲ, ಸ್ವಲ್ಪ ಕೆಳಗೆ ಇದೆ.

ಸಣ್ಣ ಬ್ಲೇಡಿನಿಂದ ಅಲ್ಲಿ ಕೆರೆದು ಗಾಜಿನ ಸ್ಲೈಡಿಗೆ ಹಚ್ಚಿದರು. ನೋವಾಗಲಿಲ್ಲ, ಹೆದರಿಕೆ ಆಯಿತು. ಲೆನ್ಸ್, ಡಬ್ಬಿ ಎರಡೂ ಇಟ್ಟುಕೊಂಡರು. ಮಾಕ್ಸಿಫ್ಲಾಕ್ಸಸಿನ್ ಒಂದೇ ಇರುವ ಡ್ರಾಪ್ಸ್ ಕೊಟ್ಟಿದ್ದಾರೆ, ಸ್ಟೀರಾಯ್ಡ್ ಇಲ್ಲ. ಮೊದಲ ಅರ್ಧ ಗಂಟೆ ಐದು ನಿಮಿಷಕ್ಕೊಮ್ಮೆ ಅವರೇ ಹಾಕಿದರು. ಇನ್ನು ಎರಡು ದಿನ ಹಗಲು ರಾತ್ರಿ ಗಂಟೆಗೊಮ್ಮೆ. ಜೊತೆಗೆ ಪಾಪೆ ಹಿಗ್ಗಿಸುವ ಒಂದು ಡ್ರಾಪ್ಸ್. ನಾಳೆ ಬೆಳಿಗ್ಗೆ ಮತ್ತೆ ಬರಬೇಕು.

ಆ ಮರಗಟ್ಟಿಸುವ ಡ್ರಾಪ್ಸ್ ಕೊಡಿ ಅಂತ ಕೈ ಮುಗಿದು ಕೇಳಿದೆ. ಕೊಡಲಿಲ್ಲ. ಈಗ ಮತ್ತೆ ನೋವು ಶುರುವಾಗಿದೆ. ಯಾಕೆ ಕೊಡಲಿಲ್ಲ?

ಮಂಗಳೂರಿನ_ರೇಖಾ · 1:52

ಎಚ್ಚರವಾಗಿಯೇ ಇದ್ದೆ ಸಹನಾ. ಹೋಗಿದ್ದು ಒಳ್ಳೆಯದಾಯಿತು.

ಆ ಡ್ರಾಪ್ಸ್ ಪದೇಪದೇ ಹಾಕಿದರೆ ಮೇಲ್ಪದರ ಬೆಳೆಯುವುದೇ ನಿಂತುಹೋಗುತ್ತೆ. ನೋವು ಗೊತ್ತಾಗದ ಕಾರಣ ಹುಣ್ಣು ದೊಡ್ಡದಾಗುವುದೂ ಗೊತ್ತಾಗುವುದಿಲ್ಲ. ಅದನ್ನು ಮನೆಗೆ ಕೊಡುವವರ ಮೇಲೆ ನನಗೆ ಸಿಟ್ಟು ಬರುತ್ತೆ. ನೋವಿಗೆ ನುಂಗುವ ಮಾತ್ರೆ ಬರೆದಿದ್ದಾರಾ ನೋಡಿ, ಅದನ್ನು ತಗೊಳ್ಳಿ. ಪಾಪೆ ಹಿಗ್ಗಿಸುವ ಡ್ರಾಪ್ಸೂ ನೋವಿಗೇ. ಒಳಗಿನ ಸ್ನಾಯು ಹಿಡಿದುಕೊಂಡಿರುತ್ತೆ, ಅದು ಸಡಿಲ ಆಗುತ್ತೆ. ಅದರಿಂದ ಹತ್ತಿರದ್ದು ಇನ್ನೂ ಮಂಜಾಗಿ ಕಾಣುತ್ತೆ, ಬೆಳಕು ಜಾಸ್ತಿ ಚುಚ್ಚುತ್ತೆ. ದೃಷ್ಟಿ ಹೋಗುತ್ತಿದೆ ಅಂತ ಹೆದರಬೇಡಿ.

ರಾತ್ರಿ ಗಂಟೆಗೊಮ್ಮೆ ಅಲಾರಂ ಇಡಿ. ಒಂದೂ ತಪ್ಪಿಸಬೇಡಿ. ಮೊದಲ ಎರಡು ದಿನವೇ ಮುಖ್ಯ. ನಾಳೆ ಬೆಳಿಗ್ಗೆ ಕಲೆ ಸ್ವಲ್ಪ ಜಾಸ್ತಿ ಕಂಡರೂ ಔಷಧಿ ಕೆಲಸ ಮಾಡುತ್ತಿಲ್ಲ ಅಂತಲ್ಲ, ಈ ಹುಣ್ಣು ಮೊದಲು ಹಾಗೆ ತೋರಿಸುವುದುಂಟು. ಅಂಚು ಹರಡುವುದು ನಿಂತಿದೆಯಾ ಅನ್ನುವುದನ್ನು ಡಾಕ್ಟರ್ ಅಳೆದು ನೋಡುತ್ತಾರೆ.

ಬುಲೆಟ್_ಬಸು · ಭಾನುವಾರ ಬೆಳಿಗ್ಗೆ 6:50

ಎದ್ದ ಕೂಡಲೇ ಇದನ್ನೇ ತೆರೆದೆ. ತಂಗಿ, ನಾನು ಪಟ್ಟಿ ಕಟ್ಟಿ ಮಲಗಿ ಅಂದಿದ್ದೆ. ಓದಿ ಎದೆ ಧಸಕ್ ಅಂತು. ನನ್ನ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು. ಮನಸ್ಸಿನಿಂದ ಕ್ಷಮೆ ಕೇಳುತ್ತೇನೆ.

ಸಹನಾ_ಶಿವಮೊಗ್ಗ · 11:05

ಅಣ್ಣ, ನೀವು ಒಳ್ಳೆಯದಕ್ಕೇ ಹೇಳಿದ್ದು. ಬೆಳಿಗ್ಗೆ ನೋಡಿದರು. 1.5 ಇದ್ದದ್ದು 1.7 ಅಂದರು, ಅಂಚು ಮಾತ್ರ ಮೊದಲಿಗಿಂತ ಸ್ಪಷ್ಟ ಅಂತೆ. ಸ್ಲೈಡಿನಲ್ಲಿ ಗ್ರಾಮ್ ನೆಗೆಟಿವ್ ಕಡ್ಡಿ ಕ್ರಿಮಿ ಕಂಡಿದೆ, ಸ್ಯೂಡೋಮೊನಾಸ್ ಸೇರುವ ಗುಂಪು ಅದು. ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ವರದಿ ಬರಲು ಎರಡು ದಿನ. ಟೊಬ್ರಾಮೈಸಿನ್ ಅಂತ ಇನ್ನೊಂದು ಡ್ರಾಪ್ಸ್ ಸೇರಿಸಿದ್ದಾರೆ. ನೋವು ಆರು.

ಮೈಸೂರು_ಮಲ್ಲಿಗೆ88 · 12:20

ನನಗೊಂದು ಅನುಮಾನ. ಗೀರು ಬಿದ್ದಾಗ ಡಾಕ್ಟರ್‌ಗಳೇ ಬ್ಯಾಂಡೇಜ್ ಲೆನ್ಸ್ ಅಂತ ಹಾಕುತ್ತಾರೆ. ನನಗೆ ಹಾಕಿದ್ದರು, ನೋವು ತಕ್ಷಣ ಹೋಯಿತು. ಹಾಗಾದರೆ ಗೀರು ಬಿದ್ದ ಕಣ್ಣಿಗೆ ನಮ್ಮ ಲೆನ್ಸನ್ನೇ ಮತ್ತೆ ಹಾಕಿಕೊಂಡರೆ ಏನು ತಪ್ಪು?

ವೈದ್ಯ_ವಿದ್ಯಾರ್ಥಿ · 12:41

ಅದು ಹೊಸದು, ಸ್ಟೆರೈಲ್. ಸೋಂಕಿಲ್ಲ ಅಂತ ನೋಡಿದ ಮೇಲೆ ಹಾಕುತ್ತಾರೆ, ಜೊತೆಗೆ ಆ್ಯಂಟಿಬಯೋಟಿಕ್ ಕೊಡುತ್ತಾರೆ, ಬೇಗ ಕರೆಸಿ ನೋಡುತ್ತಾರೆ. ನಿಮ್ಮ ಡಬ್ಬಿಯ ಲೆನ್ಸಿನ ಮೇಲೆ ಏನು ಕೂತಿದೆ ಅಂತ ಯಾರಿಗೂ ಗೊತ್ತಿಲ್ಲ. ಇನ್ನೊಂದು ಮೋಸ ಇದೆ. ಲೆನ್ಸ್ ಹಾಕಿದರೆ ನೋವು ಮುಚ್ಚಿಹೋಗುತ್ತೆ, ತೆಗೆದಾಗ ಏರುತ್ತೆ. ಅದನ್ನೇ ನೋಡಿ ಲೆನ್ಸ್ ಒಳ್ಳೆಯದು ಮಾಡುತ್ತಿದೆ ಅಂತ ಮತ್ತೆ ಹಾಕಿಕೊಂಡು ಬಂದವರನ್ನು ವಾರ್ಡಿನಲ್ಲಿ ನೋಡಿದ್ದೇನೆ.

ಕಾಫಿಪುಡಿ · 1:15

ಗೀರು ಬಿದ್ದು ಅದಕ್ಕೆ ಕ್ರಿಮಿ ಹೊಕ್ಕು ಹುಣ್ಣಾಯಿತೋ, ಅಥವಾ ರಾತ್ರಿ ಬಸ್ಸಿನಲ್ಲೇ ಹುಣ್ಣು ಶುರುವಾಗಿತ್ತೋ?

ಮಂಗಳೂರಿನ_ರೇಖಾ · 2:02

ಗೀರಿನ ತುದಿಯಲ್ಲೇ ಹುಣ್ಣು ಇರುವುದರಿಂದ ಗೀರು ಮೊದಲು ಅಂತ ನನಗೆ ಅನ್ನಿಸುತ್ತೆ.

ವೈದ್ಯ_ವಿದ್ಯಾರ್ಥಿ · 2:10

ಮೇಡಂ, ನನಗೆ ಹಾಗೆ ಅನ್ನಿಸುವುದಿಲ್ಲ. ಬೆಳಿಗ್ಗೆ ಆರಕ್ಕೆ ಗೀರು, ರಾತ್ರಿ ಹನ್ನೆರಡಕ್ಕೆ ಒಂದೂವರೆ ಮಿಲಿಮೀಟರ್ ಹುಣ್ಣು. ಸ್ಯೂಡೋಮೊನಾಸ್ ವೇಗವಾಗಿ ಹೋಗುತ್ತೆ, ಸ್ಟೀರಾಯ್ಡ್ ಸಹಾಯವೂ ಸಿಕ್ಕಿದೆ, ಆದರೂ ಅದು ಮುಂಚೆಯೇ ಕೂತಿತ್ತು ಅನ್ನಿಸುತ್ತೆ. ಲೆನ್ಸ್ ಅಷ್ಟು ಅಂಟಿಕೊಂಡಿದ್ದೂ ಅದಕ್ಕೇ ಇರಬಹುದು.

ಮಂಗಳೂರಿನ_ರೇಖಾ · 2:16

ಇರಬಹುದು. ಒಣಗಿದ ಲೆನ್ಸ್ ಯಾವಾಗಲೂ ಅಂಟುತ್ತೆ, ಅದೊಂದರಿಂದ ಹೇಳಲು ಆಗುವುದಿಲ್ಲ. ಹಾಗೆ ಅಂಟಿದಾಗ ಸುಮ್ನೆ ಚಿವುಟದೆ, ಲೆನ್ಸಿಗೆ ಹಾಕುವ ತೇವದ ಡ್ರಾಪ್ಸ್ ನಾಲ್ಕು ಹನಿ ಬಿಟ್ಟು, ಐದು ಹತ್ತು ನಿಮಿಷ ಕಾದು, ಅದು ಕಣ್ಣ ಮೇಲೆ ಅಲುಗಾಡಿದ ಮೇಲೆ ತೆಗೆಯಬೇಕು.

ಸಹನಾ_ಶಿವಮೊಗ್ಗ · ಬುಧವಾರ ಸಂಜೆ 6:30

ಕಲ್ಚರ್ ಬಂತು. ಸ್ಯೂಡೋಮೊನಾಸ್. ಡಬ್ಬಿಯಲ್ಲೂ ಅದೇ ಬೆಳೆದಿದೆ. ಎರಡೂ ಡ್ರಾಪ್ಸಿಗೆ ಬಗ್ಗುತ್ತೆ ಅಂತ ವರದಿ ಇದೆ. ಹುಣ್ಣು 1.2ಕ್ಕೆ ಇಳಿದಿದೆ. ನೋವು ಎರಡು. ಈಗ ಎರಡು ಗಂಟೆಗೊಮ್ಮೆ ಡ್ರಾಪ್ಸ್, ರಾತ್ರಿ ಮಲಗಲು ಬಿಟ್ಟಿದ್ದಾರೆ. ಅಮ್ಮ ಶಿವಮೊಗ್ಗದಿಂದ ಬಂದಿದ್ದಾಳೆ.

ಒಂದು ಗೊಂದಲ. ಇನ್ನು ಕೆಲವು ದಿನ ನೋಡಿ, ಕಲೆ ಕಡಿಮೆ ಉಳಿಯಲಿ ಅಂತ ಸ್ಟೀರಾಯ್ಡ್ ಡ್ರಾಪ್ಸ್ ಶುರು ಮಾಡಬಹುದು ಅಂದರು. ಅದೇ ಡೆಕ್ಸಾಮೆಥಾಸೋನಿನ ಜಾತಿ! ಅವತ್ತು ವಿಷ ಅಂದದ್ದು ಇವತ್ತು ಔಷಧಿ ಹೇಗೆ?

ವೈದ್ಯ_ವಿದ್ಯಾರ್ಥಿ · 7:12

ಅವತ್ತು ಕ್ರಿಮಿ ಯಾವುದು ಗೊತ್ತಿರಲಿಲ್ಲ, ಅದನ್ನು ಕೊಲ್ಲುವ ಔಷಧಿಯೂ ಸಾಕಷ್ಟು ಹೋಗಿರಲಿಲ್ಲ. ಇವತ್ತು ಎರಡೂ ಆಗಿದೆ. ನಮ್ಮ ಸರ್ ಕೆಲವರಿಗೆ ಕೊಡುತ್ತಾರೆ. ಕ್ರಿಮಿ ಸತ್ತ ಮೇಲೂ ಉರಿಯೂತ ಉಳಿದು ಗಾಯದ ಕಲೆ ಜಾಸ್ತಿ ಮಾಡುತ್ತೆ, ಅದನ್ನು ತಗ್ಗಿಸಲು.

ಮಂಗಳೂರಿನ_ರೇಖಾ · 7:40

ನಮ್ಮಲ್ಲಿ ಹೆಚ್ಚಾಗಿ ಕೊಡುವುದಿಲ್ಲ. ಮದುರೈನ ಅರವಿಂದ್ ಕಣ್ಣಾಸ್ಪತ್ರೆಯವರೂ ಸೇರಿ ಇದೇ ಪ್ರಶ್ನೆಯ ಮೇಲೆ ಒಂದು ದೊಡ್ಡ ಅಧ್ಯಯನ ಮಾಡಿದರು, 500 ರೋಗಿಗಳ ಮೇಲೆ. 2012ರಲ್ಲಿ ಪ್ರಕಟವಾಯಿತು. 48 ಗಂಟೆ ಆ್ಯಂಟಿಬಯೋಟಿಕ್ ಹಾಕಿದ ಮೇಲೆ ಅರ್ಧ ಜನರಿಗೆ ಸ್ಟೀರಾಯ್ಡ್ ಕೊಟ್ಟರು, ಅರ್ಧ ಜನರಿಗೆ ಕೊಡಲಿಲ್ಲ. ಮೂರು ತಿಂಗಳಿಗೆ ಒಟ್ಟಾರೆ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಡುವೆ ಇಲ್ಲದ ಸಣ್ಣ ಹುಣ್ಣಿಗೆ ಯಾಕೆ ಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಕಣ್ಣು ನೋಡುತ್ತಿರುವವರು ಅವರು. ಯಾಕೆ ಕೊಡುತ್ತೀರಿ ಅಂತ ಬಿಡಿಸಿ ಕೇಳಿ.

ವೈದ್ಯ_ವಿದ್ಯಾರ್ಥಿ · 7:52

ಅದೇ ಅಧ್ಯಯನ ನಮ್ಮ ಸರ್ ಕೂಡ ಹೇಳುತ್ತಾರೆ ಮೇಡಂ. ಕೆಡುಕೂ ಹೆಚ್ಚಾಗಿ ಕಾಣಲಿಲ್ಲವಲ್ಲ, ಹಾಗಾಗಿ ಆರಿಸಿ ಕೊಡಬಹುದು ಅನ್ನುವುದು ಅವರ ವಾದ.

ಚಿಕ್ಕಮ್ಮ_ಅಡಿಗೆಮನೆ · 8:05

ನಿಮ್ಮ ವಾದ ಇರಲಿ. ಮಗುವಿನ ನೋವು ಇಳಿಯಿತಲ್ಲ, ಅದು ಮೊದಲು. ನಮ್ಮ ಮಗನ ಡಬ್ಬಿ ನಿನ್ನೆಯೇ ಬಿಸಾಡಿಸಿದೆ.

ಸಹನಾ_ಶಿವಮೊಗ್ಗ · ಐದು ವಾರದ ನಂತರ

ಕೆಲವರು ಮೆಸೇಜ್ ಮಾಡಿ ಕೇಳಿದ್ದೀರಿ, ಅದಕ್ಕೆ ಇಲ್ಲೇ ಬರೆಯುತ್ತೇನೆ. ಸ್ಟೀರಾಯ್ಡ್ ಬೇಡ ಅಂತ ಡಾಕ್ಟರೇ ಆಮೇಲೆ ಬಿಟ್ಟರು, ಕಲೆ ತಾನಾಗೇ ತೆಳುವಾಗುತ್ತಿತ್ತು. ಹುಣ್ಣು ಮುಚ್ಚಿ ಮೂರು ವಾರ ಆಯಿತು. ದೃಷ್ಟಿ ಕನ್ನಡಕದಲ್ಲಿ 6/9. ಕನ್ನಡಿಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಕರಿಗುಡ್ಡೆಯ ಕೆಳಗೆ ಉಗುರು ಬೆಳ್ಳಗಾದ ಹಾಗೆ ಒಂದು ಚುಕ್ಕೆ ಕಾಣುತ್ತೆ.

ಹಗಲು ಏನೂ ಗೊತ್ತಾಗುವುದಿಲ್ಲ. ರಾತ್ರಿ ಎದುರಿನ ಗಾಡಿಯ ಹೆಡ್‌ಲೈಟ್ ಆ ಕಣ್ಣಿನಲ್ಲಿ ನಕ್ಷತ್ರದ ಹಾಗೆ ಹರಡುತ್ತೆ. ಸ್ಕೂಟಿ ಓಡಿಸಲು ಕಷ್ಟ. ಇದು ಕಡಿಮೆ ಆಗುತ್ತಾ? ಮತ್ತೆ ಲೆನ್ಸ್ ಹಾಕಬೇಕಾದರೆ ದಿನಕ್ಕೊಂದು ಬಿಸಾಡುವ ಥರದ್ದು, ಅದೂ ಇನ್ನೂ ಕೆಲವು ತಿಂಗಳು ಬಿಟ್ಟು ಅಂದಿದ್ದಾರೆ. ನನಗೆ ಇನ್ನೂ ಧೈರ್ಯ ಬಂದಿಲ್ಲ.

ನೀಲಿಕೊಡೆ · ಅದೇ ದಿನ

ನನ್ನ ಕಲೆ ನಿಮ್ಮದಕ್ಕಿಂತ ದೊಡ್ಡದು. ಮೊದಲ ವರ್ಷದಲ್ಲಿ ಹೆಡ್‌ಲೈಟ್ ಹರಡುವುದು ಕಾಲು ಭಾಗದಷ್ಟು ಕಡಿಮೆ ಆಯಿತು. ಆಮೇಲೆ ಹಾಗೇ ಉಳಿದಿದೆ. ಮಳೆಗಾಲದ ರಾತ್ರಿ ನಾನು ಈಗಲೂ ಗಾಡಿ ಓಡಿಸುವುದಿಲ್ಲ.

ಬುಲೆಟ್_ಬಸು · ಅದೇ ದಿನ

ತಂಗಿ, ಸ್ವಲ್ಪ ದಿನ ರಾತ್ರಿ ಸ್ಕೂಟಿ ಬಿಡಿ. ನಾನೂ ಹೋಗಿ ತೋರಿಸಿದೆ. ರೇಖಾ ಮೇಡಂ ಹೇಳಿದ್ದೇ ನಿಜ, ಹಳೇ ಗೀರಿನ ಜಾಗ ಸಡಿಲ ಇದೆಯಂತೆ. ರಾತ್ರಿ ಮುಲಾಮು ಕೊಟ್ಟಿದ್ದಾರೆ, ಮೂರು ತಿಂಗಳು ಹಚ್ಚಬೇಕು. ಹಚ್ಚಿದ ಮೇಲೆ ಬೆಳಿಗ್ಗೆ ಅರ್ಧ ಗಂಟೆ ಎಲ್ಲ ಮಂಜಾಗಿ ಕಾಣುತ್ತೆ. ಇದು ಸಹಜವಾ ಮೇಡಂ?